2 ಬಿಎಚ್‌ಕೆ ಫ್ಲಾಟಿನಲ್ಲಿ ದೇವರಿಗೆ ಜಾಗ: ಬಾತ್‌ರೂಮ್ ಗೋಡೆಗೆ ತಾಗಿದ ಮೂಲೆ ಆಗುತ್ತಾ?

ಸಾಗರದ_ಸೊಸೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ನಮ್ಮದು 2 ಬಿಎಚ್‌ಕೆ ಫ್ಲಾಟ್, 1050 ಚದರಡಿ. ಇಷ್ಟು ದಿನ ಅಡುಗೆಮನೆಯ ಒಂದು ಶೆಲ್ಫಿನಲ್ಲೇ ದೇವರಿದ್ದರು. ಈಗ ಅತ್ತೆ ಸಾಗರದ ಮನೆ ಬಿಟ್ಟು ನಮ್ಮ ಜೊತೆ ಇರಲು ಬರುತ್ತಿದ್ದಾರೆ. ಅವರದು ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆಯ ಪೂಜೆ. ಮಂಡಿ ನೋವಿದೆ, ನೆಲದ ಮೇಲೆ ಕೂತರೆ ಏಳೋದು ಕಷ್ಟ. ನಿಂತು ಮಾಡಲೂ ಆಗಲ್ಲ.

ಮೂರು ಜಾಗ ಇದೆ.

ಒಂದು, ಡೈನಿಂಗ್ ಪಕ್ಕದ ಮೂಲೆ. ಪೂರ್ವದ ಗೋಡೆ, ನಾಲ್ಕು ಅಡಿ ಅಗಲ ಸಿಗುತ್ತೆ. ಆದರೆ ಗೋಡೆಯ ಆ ಕಡೆ ಕಾಮನ್ ಬಾತ್‌ರೂಮ್.

ಎರಡು, ಬಿಲ್ಡರ್ ಪ್ಲಾನಿನಲ್ಲೇ 'ಪೂಜಾ' ಅಂತ ಬರೆದಿರುವ ಗೂಡು. ಅಡುಗೆಮನೆಯಿಂದ ಯುಟಿಲಿಟಿಗೆ ಹೋಗುವ ದಾರಿಯಲ್ಲಿದೆ. ಮೂರಡಿ ಅಗಲ, ಎರಡೂವರೆ ಅಡಿ ಆಳ. ಮೇಲೆ ಆರೂವರೆ ಅಡಿಗೆ ಲಾಫ್ಟ್ ಬರುತ್ತದೆ.

ಮೂರು, ಹಾಲ್‌ನಲ್ಲಿ ಮುಂಬಾಗಿಲ ಪಕ್ಕ. ಚಪ್ಪಲಿ ಸ್ಟ್ಯಾಂಡ್ ಕೂಡ ಅಲ್ಲೇ ಇದೆ.

ಇಂಟೀರಿಯರ್‌ನವರು ಹಿಂದೆ ಲೈಟ್ ಬರುವ ಅಕ್ರಿಲಿಕ್ ಪ್ಯಾನೆಲ್, ಎದುರಿಗೆ ಎಂಡಿಎಫ್ ಜಾಲಿ ಬಾಗಿಲು ಇರುವ ಡಿಸೈನ್ ಕೊಟ್ಟಿದ್ದಾರೆ. ನೋಡಲು ಚೆನ್ನಾಗಿದೆ. ಆದರೆ ಅತ್ತೆ ಅಲ್ಲಿ ಹೇಗೆ ಕೂರುತ್ತಾರೆ ಅಂತ ಕೇಳಿದರೆ ಅವರ ಹತ್ತಿರ ಉತ್ತರ ಇಲ್ಲ. ನೀವಾದರೆ ಯಾವ ಜಾಗ ಆರಿಸುತ್ತಿದ್ದಿರಿ?

ಈಶಾನ್ಯ_ಮೂಲೆ

ಮೇಡಂ, ಈಶಾನ್ಯ ಬಿಟ್ಟು ಬೇರೆ ಎಲ್ಲೂ ಬೇಡ. ಬಾತ್‌ರೂಮ್ ಗೋಡೆಯಂತೂ ಬೇಡವೇ ಬೇಡ. ದೇವರು ಪೂರ್ವಕ್ಕೆ ಮುಖ ಮಾಡಿರಬೇಕು, ನಾವೂ ಪೂರ್ವಕ್ಕೆ ಮುಖ ಮಾಡಿ ಕೂರಬೇಕು.

ಮೈಸೂರು_ರಾವ್

ಎದುರುಬದುರು ಕೂತವರು ಇಬ್ಬರೂ ಪೂರ್ವಕ್ಕೇ ಮುಖ ಮಾಡೋದು ಹೇಗೆ ಸ್ವಾಮಿ? ಪೂಜೆ ಮಾಡುವವರು ಪೂರ್ವಕ್ಕೆ ಮುಖ ಮಾಡಿದರೆ ದೇವರ ಮುಖ ಪಶ್ಚಿಮಕ್ಕಿರುತ್ತದೆ. ದೇವರು ಪೂರ್ವಕ್ಕಿದ್ದರೆ ನಾವು ಪಶ್ಚಿಮಕ್ಕೆ, ಇಲ್ಲವೇ ಪಕ್ಕದಲ್ಲಿ ಉತ್ತರಕ್ಕೆ ಮುಖ ಮಾಡಿ ಕೂರುತ್ತೇವೆ. ಎರಡೂ ಪದ್ಧತಿ ಇದೆ. ಇವರ ಮೊದಲನೇ ಜಾಗದಲ್ಲಿ ಅತ್ತೆಯ ಮುಖ ಪೂರ್ವಕ್ಕೇ ಬರುತ್ತದೆ. ದಿಕ್ಕಿನ ಲೆಕ್ಕದಲ್ಲಿ ತಕರಾರಿಲ್ಲ.

ಈಶಾನ್ಯ_ಮೂಲೆ

ಸರಿ ಸರ್, ದಿಕ್ಕಿನ ಮಾತು ಒಪ್ಪಿದೆ. ಬಾತ್‌ರೂಮ್ ಗೋಡೆ ಮಾತ್ರ ಒಪ್ಪಲ್ಲ.

ಹೊಸಬ_ಬೆಂಗ್ಳೂರು

ಬಾಡಿಗೆ ಮನೆಯಲ್ಲಿ ಗೋಡೆಗೆ ಡ್ರಿಲ್ ಮಾಡಿಸಬೇಡಿ, ಓನರ್ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುತ್ತಾರೆ. ಸುಮ್ನೆ ರೆಡಿಮೇಡ್ ತೇಗದ ಮಂಟಪ ತಂದು ಫ್ರಿಜ್ ಮೇಲಿಡಿ. ನಮ್ಮದು ಹಾಗೇ ಇದೆ, ತೊಂದರೆ ಇಲ್ಲ.

ಸಾಗರದ_ಸೊಸೆ

ಬಾಡಿಗೆ ಅಲ್ಲ, ಸ್ವಂತ ಮನೆ. ಫ್ರಿಜ್ ಮೇಲಿಟ್ಟರೆ ಅತ್ತೆಗೆ ಕೈ ಎಟುಕಲ್ಲ. ಅಲ್ಲಿ ದೀಪ ಹಚ್ಚಲು ನನಗೂ ಭಯ.

ಬಡಗಿ_ಮಗ

ಅಕ್ಕ, ನಮ್ಮದು ಅಪ್ಪನ ಕಾಲದಿಂದ ಮರಗೆಲಸ. ಫ್ಲಾಟುಗಳಿಗೆ ದೇವರ ಮಂಟಪ ತುಂಬ ಮಾಡಿದ್ದೇನೆ. ಜಾಗ ಆರಿಸುವ ಮೊದಲು ನಾನು ಕೇಳುವ ಪ್ರಶ್ನೆ ಇಷ್ಟು: ಪೂಜೆ ಮಾಡುವವರು ಯಾರು, ಹೇಗೆ ಕೂರುತ್ತಾರೆ? ಎಷ್ಟು ದೀಪ, ಎಣ್ಣೆಯದೋ ತುಪ್ಪದ್ದೋ? ವಿಗ್ರಹಕ್ಕೆ ನೀರು ಹಾಕಿ ಅಭಿಷೇಕ ಮಾಡುತ್ತಾರಾ, ಇಲ್ಲಾ ಬರೀ ಹೂವು ಏರಿಸುತ್ತಾರಾ? ಬಾತ್‌ರೂಮ್ ಗೋಡೆಯ ಆ ಕಡೆ ಇರುವುದು ಕಮೋಡೋ, ಶವರೋ, ಬೇಸಿನ್ನೋ?

ಇದಕ್ಕೆ ಉತ್ತರ ಬಂದಮೇಲೆ ಪ್ಯಾನೆಲ್, ಲೈಟು, ಗಂಟೆ ಎಲ್ಲ. ಈಗಿನ ಡಿಸೈನುಗಳು ಫೋಟೋಗೆ ಚೆನ್ನಾಗಿ ಕಾಣುತ್ತವೆ. ಅದರ ಮುಂದೆ ಒಬ್ಬರು ಕೂರಬೇಕು ಅನ್ನೋದೇ ಲೆಕ್ಕಕ್ಕೆ ಬಂದಿರಲ್ಲ.

ಸಾಗರದ_ಸೊಸೆ

ಕುರ್ಚಿಯಲ್ಲಿ ಕೂತು ಮಾಡುತ್ತಾರೆ. ಎರಡು ಎಣ್ಣೆ ದೀಪ, ಆರತಿಗೆ ತುಪ್ಪದ ಬತ್ತಿ. ಗಣಪತಿ, ಅನ್ನಪೂರ್ಣೆ, ಲಕ್ಷ್ಮಿ, ಬಾಲಕೃಷ್ಣ, ನಾಲ್ಕೂ ಅಂಗೈಯಲ್ಲಿ ಹಿಡಿಸುವಷ್ಟು ಹಿತ್ತಾಳೆ ವಿಗ್ರಹ. ಶುಕ್ರವಾರ ಅಭಿಷೇಕ. ಫೋಟೋಗಳು ಹದಿನಾಲ್ಕು ಇವೆ (ಇದೇ ಇನ್ನೊಂದು ಜಗಳ!). ಗೋಡೆಯ ಆ ಕಡೆ ಬೇಸಿನ್ ಮತ್ತು ಕನ್ನಡಿ. ಕಮೋಡ್ ಎದುರಿನ ಗೋಡೆಗಿದೆ.

ಅಜ್ಜಿ_ಮನೆ

ತಂಗೀ, ಎಲ್ಲರೂ ಬಾತ್‌ರೂಮ್ ಹಿಡಿದುಕೊಂಡು ಕೂತಿದ್ದಾರೆ. ನನಗೆ ಕಾಣೋದು ಊಟದ ಟೇಬಲ್. ದೇವರ ಎದುರಿಗೇ ಎಂಜಲು ತಟ್ಟೆ ಇಟ್ಟುಕೊಂಡು ಕೂರ್ತೀರಾ? ನಿಮ್ಮ ಅತ್ತೆಗೆ ಅದು ಮೊದಲು ಚುಚ್ಚುತ್ತದೆ, ಬಾಯಿಬಿಟ್ಟು ಹೇಳದೆ ಇರಬಹುದು. ಗೋಡೆಯ ಆ ಕಡೆ ಏನಿದೆ ಅಂತ ಅವರು ದಿನಾ ನೋಡಲ್ಲ. ಎಂಜಲು ದಿನಾ ಕಣ್ಣಿಗೆ ಬೀಳುತ್ತದೆ.

ಸಾಗರದ_ಸೊಸೆ

ಅಮ್ಮ, ಇದು ನನಗೆ ಹೊಳೆದೇ ಇರಲಿಲ್ಲ. ಟೇಬಲ್ಲನ್ನು ಕಿಟಕಿ ಕಡೆಗೆ ಸರಿಸಬಹುದು. ಆಗ ಮಧ್ಯೆ ಐದಡಿ ಸಿಗುತ್ತೆ.

ಅಜ್ಜಿ_ಮನೆ

ಸರಿಸಿ. ಒಂದು ಪರದೆಯನ್ನೂ ಹಾಕಿ. ಊಟದ ಹೊತ್ತಿಗೆ ಎಳೆದರಾಯಿತು.

ಬಡಗಿ_ಮಗ

ಅಜ್ಜಿ ಹೇಳಿದ್ದು ಸರಿ, ಆದರೆ ಬಟ್ಟೆಯ ಪರದೆ ಬೇಡ. ದೀಪ ಉರಿಯುವಾಗ ಫ್ಯಾನ್ ಗಾಳಿಗೆ ಪರದೆ ಒಳಗೆ ಹಾರುತ್ತದೆ. ಮರದ ಮಡಚುವ ಬಾಗಿಲು ಮಾಡಿಸಿ. ಕೆಳಗೂ ಮೇಲೂ ಮೂರು ಮೂರು ಇಂಚು ಜಾಗ ಬಿಡಿ, ಒಳಗಿನ ಬಿಸಿ ಹೊರಗೆ ಹೋಗಬೇಕು.

ಈಗ ಜಾಗದ ಮಾತು. ಗೂಡು ಮತ್ತು ಡೈನಿಂಗ್ ಮೂಲೆ, ಎರಡೂ ಕಡೆ ಒಂದು ಕೆಲಸ ಮಾಡಿ. ಮಂಟಪ ಎಷ್ಟು ಜಾಗ ಹಿಡಿಯುತ್ತದೋ ಅಷ್ಟಕ್ಕೆ ನೆಲದ ಮೇಲೆ ಪೇಪರ್ ಹಾಸಿ. ಅದರ ಎದುರು ಕುರ್ಚಿ ಇಡಿ. ಬೆಳಿಗ್ಗೆ ತಿಂಡಿ ಮಾಡುವ ಹೊತ್ತಿಗೆ ಯಾರಾದರೂ ಆ ಕುರ್ಚಿಯಲ್ಲಿ ಕೂರಲಿ. ಗೂಡಿನಲ್ಲಿ ಏನಾಗುತ್ತೆ ಅಂತ ನಾನೀಗಲೇ ಹೇಳಬಲ್ಲೆ. ಎರಡೂವರೆ ಅಡಿ ಆಳದಲ್ಲಿ ಒಂದೂವರೆ ಅಡಿ ದೇವರಿಗೇ ಹೋಯಿತು. ಕುರ್ಚಿ ಪೂರ್ತಿ ದಾರಿಗೆ ಬರುತ್ತದೆ. ನೀವು ಯುಟಿಲಿಟಿಗೆ ಪಾತ್ರೆ ತಗೊಂಡು ಹೋಗುವಾಗಲೆಲ್ಲ ಅವರ ಬೆನ್ನು ಒರೆಸಿಕೊಂಡೇ ಹೋಗಬೇಕು. ಮುಕ್ಕಾಲು ಗಂಟೆ ಪೂಜೆಗೆ ಅದು ಆಗಲ್ಲ. ನಿಂತು ಕೈಮುಗಿದು ಹೋಗುವವರಿಗೆ ಆ ಗೂಡು ಸಾಕು.

ಬೆಳಗಾವಿ_ಬಸು

ನಮ್ಮ ಕಡೆ ದೇವರ ಜಗಲಿ ಅಂತಾರೆ. ಊರಮನೆಯಲ್ಲಿ ಅಡುಗೆಮನೆಯ ಹತ್ತಿರವೇ ಇರುತ್ತಿತ್ತು. ನಾನು ಪುಣೆಯಲ್ಲಿ 1 ಬಿಎಚ್‌ಕೆಯಲ್ಲಿ ಇದ್ದೀನಿ. ನಮ್ಮದು ಲಿಂಗಪೂಜೆ. ಇಷ್ಟಲಿಂಗ ಮೈಮೇಲೇ ಇರುತ್ತೆ, ಪೂಜೆ ಅಂಗೈಯಲ್ಲೇ. ನನಗೆ ಮಂಟಪ ಅಷ್ಟು ಮುಖ್ಯ ಅಲ್ಲ. ಒಂದು ಮಣೆ, ನೀರಿನ ತಂಬಿಗೆ, ವಿಭೂತಿ, ಪತ್ರೆ, ಯಾರೂ ಅಡ್ಡ ಬಾರದ ಒಂದು ಮೂಲೆ ಇದ್ದರೆ ಮುಗೀತು. ಬಾಲ್ಕನಿ ಬಾಗಿಲ ಹತ್ತಿರ ಮೂರಡಿ ಜಾಗ ಬಿಟ್ಟುಕೊಂಡಿದ್ದೀನಿ. ಅಲ್ಲಿ ಸೋಫಾ ಹಾಕಲು ಮನೆಯವರಿಗೂ ಬಿಟ್ಟಿಲ್ಲ. ಬಡಗಿ ಅಣ್ಣಾರು ಹೇಳಿದ್ದು ಖರೆ. ಕೂರುವ ಜಾಗ ಮೊದಲು.

ಕಡಲ_ತಡಿ

ನಮ್ಮದು ಮಂಗಳೂರು ಕ್ರಿಶ್ಚಿಯನ್ ಮನೆ. ನಮ್ಮ ಆಲ್ತಾರ್‌ಗೂ ಇದೇ ಸಮಸ್ಯೆ. ಸಂಜೆ ತೆರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಹೇಳುವಾಗ ಮನೆಯವರೆಲ್ಲ ಒಟ್ಟಿಗೆ ಮೊಣಕಾಲೂರುತ್ತೇವೆ. ಆಲ್ತಾರ್ ಎರಡಡಿ ಸಾಕು, ನಮಗೆ ಆರಡಿ ಬೇಕು. ಅದಕ್ಕೇ ಹಾಲ್‌ನ ಗೋಡೆಗೆ ಹಾಕಿಸಿ, ಟಿವಿಯನ್ನು ಪಕ್ಕದ ಗೋಡೆಗೆ ಕಳಿಸಿದೆವು. ಮೇಣದಬತ್ತಿಯ ಮೇಲೆ ಶೆಲ್ಫ್ ಇದ್ದರೆ ಅದರ ಅಡಿ ಕಪ್ಪಾಗುತ್ತದೆ, ಅದನ್ನೂ ನೋಡಿಕೊಳ್ಳಿ.

ಪ್ಲೈ_ಪ್ರಕಾಶ

ಕಪ್ಪಾಗುವ ಚಿಂತೆ ಇದ್ದರೆ 710 ಪ್ಲೈವುಡ್ ಹಾಕಿಸಿ. ಸ್ವಲ್ಪ ರೇಟ್ ಜಾಸ್ತಿ. ನೀರಿಗೂ ಬೆಂಕಿಗೂ ತಡೆಯುತ್ತೆ, ಅಂಗಡಿಯವರೇ ಹೇಳಿದ್ದು.

ಬಡಗಿ_ಮಗ

ನೀರಿಗೆ ಹೌದು, ಬೆಂಕಿಗೆ ಇಲ್ಲ. ಐಎಸ್ 710 ಅಂದರೆ ನೀರಿಗೆ ಅಂಟು ಬಿಡದ ಪ್ಲೈ. ಬೆಂಕಿ ತಡೆಯುವ ಪ್ಲೈಗೆ ಬೇರೆ ನಂಬರ್ ಇದೆ, ಐಎಸ್ 5509. ಹಾಳೆಯ ಮೇಲೆ ಆ ಮುದ್ರೆ ನೋಡಿ ತಗೊಳ್ಳಬೇಕು. ಅದು ಕೂಡ ಬೆಂಕಿ ಬೇಗ ಹರಡದ ಹಾಗೆ ತಡೆಯುತ್ತೆ ಅಷ್ಟೇ. ದಿನಾ ದೀಪದ ಬಿಸಿ ತಾಗಿದರೆ ಅದರ ಮೇಲಿನ ಲ್ಯಾಮಿನೇಟ್ ಗುಳ್ಳೆ ಏಳುವುದು ತಪ್ಪಲ್ಲ.

ದೀಪದ ಬಿಸಿ ಪಕ್ಕಕ್ಕಿಂತ ಮೇಲಕ್ಕೇ ಜಾಸ್ತಿ ಹೋಗುತ್ತದೆ. ಪಕ್ಕದಲ್ಲಿ ಆರಿಂಚು ಬಿಟ್ಟರೆ ನಡೆಯುತ್ತೆ. ತಲೆ ಮೇಲೆ ಮಾತ್ರ ನಾನು ಎರಡಡಿಗಿಂತ ಕಡಿಮೆ ಬಿಡಲ್ಲ. ಆದರೆ ಅದಕ್ಕಿಂತ ಒಳ್ಳೆಯದು, ದೀಪದ ಮೇಲೆ ಶೆಲ್ಫೇ ಇಲ್ಲದಿರೋದು. ಈಗಾಗಲೇ ಶೆಲ್ಫ್ ಇರುವವರು ದೀಪ ಹಚ್ಚಿ ಅರ್ಧ ಗಂಟೆ ಬಿಟ್ಟು ಶೆಲ್ಫಿನ ಅಡಿ ಅಂಗೈ ಇಟ್ಟು ನೋಡಿ. ಹಾಯಾಗಿ ಇಟ್ಟುಕೊಳ್ಳಲು ಆಗದಿದ್ದರೆ ಆ ಜಾಗ ಸರಿಯಿಲ್ಲ. ಲ್ಯಾಮಿನೇಟ್ ಅಂಚಿನಲ್ಲಿ ಕಂದು ಬಣ್ಣ ಬರೋದು, ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರೋದು, ಇವು ಶುರುವಿನ ಗುರುತು.

ಇಂಟೀರಿಯರ್‌ನವರ ಅಕ್ರಿಲಿಕ್ ಪ್ಯಾನೆಲ್ ದೀಪದ ಹಿಂದೆಯೇ ಬರುತ್ತಾ? ಬಂದರೆ ಬೇಡ ಅನ್ನಿ. ಬಿಸಿಗೆ ಮೆತ್ತಗಾಗಿ ಬಾಗುತ್ತದೆ, ಹತ್ತಿದರೆ ಚೆನ್ನಾಗಿ ಉರಿಯುತ್ತದೆ. ದೀಪದ ಹಿಂದೆ ಕಲ್ಲು ಅಥವಾ ಟೈಲ್ಸ್ ಮಾತ್ರ.

ಪ್ಲೈ_ಪ್ರಕಾಶ

5509 ಗೊತ್ತಿರಲಿಲ್ಲ ಅಣ್ಣ. ಆದರೆ ನಮ್ಮ ಮಂಟಪದಲ್ಲಿ ಕಪ್ಪಾಗಿರೋದು ದೀಪದ ಮೇಲಿನ ಹಲಗೆ ಮಾತ್ರ ಅಲ್ಲ, ಅಕ್ಕಪಕ್ಕದ ಗೋಡೆಯೂ ಆಗಿದೆ. ಬಿಸಿ ಮೇಲಕ್ಕೆ ಹೋಗೋದಾದರೆ ಅದು ಯಾಕೆ?

ಬಡಗಿ_ಮಗ

ಅದು ಬಿಸಿಯದಲ್ಲ, ಮಸಿ. ಬತ್ತಿ ಉದ್ದ ಇದ್ದರೆ, ಇಲ್ಲಾ ಗಾಳಿಗೆ ಜ್ವಾಲೆ ಅಲ್ಲಾಡುತ್ತಿದ್ದರೆ ಎಣ್ಣೆ ಪೂರ್ತಿ ಉರಿಯದೆ ಹೊಗೆಯಾಗುತ್ತದೆ. ಫ್ಯಾನ್ ನೇರ ಅಡಿಗೆ ಮಂಟಪ ಇರುವ ಮನೆಗಳಲ್ಲಿ ಇದು ಗ್ಯಾರಂಟಿ. ಜ್ವಾಲೆಯ ತುದಿ ನೋಡಿ. ಚೂಪಾಗಿ ನಿಂತಿದ್ದರೆ ಮಸಿ ಕಡಿಮೆ. ತುದಿಯಲ್ಲಿ ಕಪ್ಪು ಎಳೆ ಏಳುತ್ತಿದ್ದರೆ ಬತ್ತಿಯನ್ನು ಒಳಗೆ ಎಳೆಯಿರಿ.

ಅಜ್ಜಿ_ಮನೆ

ಎಣ್ಣೆಯನ್ನೂ ನೋಡಿ. ಅಗ್ಗದ 'ದೀಪದ ಎಣ್ಣೆ' ಬಾಟಲಿ ತಂದಾಗಿನಿಂದ ನಮ್ಮ ಬೆಳ್ಳಿ ಸಾಮಾನೆಲ್ಲ ಜಿಡ್ಡು ಜಿಡ್ಡು. ಎಳ್ಳೆಣ್ಣೆಗೆ ಇಷ್ಟು ಮಸಿ ಇಲ್ಲ. ಬತ್ತಿ ಕಡಲೆಕಾಳಿನಷ್ಟು ಮಾತ್ರ ಹೊರಗಿರಬೇಕು.

ಜೆರ್ಸಿ_ಕನ್ನಡತಿ

ಇಲ್ಲಿ ಅಪಾರ್ಟ್‌ಮೆಂಟಿನಲ್ಲಿ ಊದುಬತ್ತಿ ಹಚ್ಚಿದರೆ ಸ್ಮೋಕ್ ಅಲಾರಂ ಕೂಗುತ್ತೆ. ವರಮಹಾಲಕ್ಷ್ಮಿ ಹಬ್ಬದ ದಿನ ಮಂಗಳಾರತಿಗೆ ಸರಿಯಾಗಿ ಕೂಗಿತು. ಅಕ್ಕಪಕ್ಕದವರು ಕಾರಿಡಾರ್‌ಗೆ ಬಂದುಬಿಟ್ಟರು. ಕೆಲವರು ಡಿಟೆಕ್ಟರ್‌ಗೆ ಪ್ಲಾಸ್ಟಿಕ್ ಕವರ್ ಕಟ್ಟುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಬಿಚ್ಚೋದು ಮರೆತೇ ಹೋಗುತ್ತೆ. ನಾವು ಮಂಟಪವನ್ನು ಡಿಟೆಕ್ಟರ್ ಇರುವ ಕಡೆಯಿಂದ ಕಿಟಕಿಯ ಹತ್ತಿರಕ್ಕೆ ತಂದೆವು. ಊದುಬತ್ತಿ ಕಿಟಕಿ ಕಟ್ಟೆಯ ಮೇಲೆ.

ಮೈಸೂರು_ರಾವ್

ಈಗ ಬೆಂಗಳೂರಿನ ಎತ್ತರದ ಕಟ್ಟಡಗಳಲ್ಲೂ ಚಾವಣಿಯಲ್ಲಿ ಸ್ಪ್ರಿಂಕ್ಲರ್ ಇರುತ್ತದೆ. ಕೆಂಪು ಗಾಜಿನ ಬಲ್ಬ್ ಇರುವುದು 68 ಡಿಗ್ರಿಗೆ ಒಡೆಯುತ್ತದೆ. ಊದುಬತ್ತಿ ಹೊಗೆಗೆ ಅದು ಒಡೆಯಲ್ಲ, ಬಿಸಿಗೆ ಮಾತ್ರ. ಮಂಟಪದ ಶಿಖರವನ್ನು ಅದರ ಹತ್ತಿರಕ್ಕೆ ಏರಿಸಬೇಡಿ, ಫಾಲ್ಸ್ ಸೀಲಿಂಗ್ ಹಾಕಿ ಮುಚ್ಚಲೂ ಬೇಡಿ.

ಸಾಗರದ_ಸೊಸೆ

ನಮ್ಮದು ನಾಲ್ಕು ಮಹಡಿಯ ಹಳೇ ಕಟ್ಟಡ, ಸ್ಪ್ರಿಂಕ್ಲರ್ ಇಲ್ಲ. ಬಡಗಿ ಅಣ್ಣ, ಹೇಳಿದ ಹಾಗೆ ಪೇಪರ್ ಹಾಸಿ ನೋಡಿದೆವು. ನಮ್ಮವರು ಗೂಡಿನ ಎದುರು ಕುರ್ಚಿ ಹಾಕಿಕೊಂಡು ಕೂತರು. ಕುಕ್ಕರ್ ಇಳಿಸಿ ಸಿಂಕಿಗೆ ಹೋಗುವಷ್ಟರಲ್ಲಿ ಎರಡು ಸಲ ಏಳಿಸಬೇಕಾಯಿತು. ಡೈನಿಂಗ್ ಮೂಲೆಯಲ್ಲಿ ಕುರ್ಚಿ ಹಾಕಿದರೂ ಹಿಂದೆ ಓಡಾಡಲು ಮೂರಡಿ ಉಳಿಯುತ್ತೆ. ಮುಂಬಾಗಿಲ ಜಾಗ ಬಿಟ್ಟೆವು. ಚಪ್ಪಲಿ ಸ್ಟ್ಯಾಂಡ್ ಸರಿಸಿದರೂ ಬರುವವರು ಚಪ್ಪಲಿ ಬಿಡೋದು ಅಲ್ಲೇ ತಾನೆ?

ಈಗ ಗೋಡೆಯ ವಿಷಯ ಹೇಳಿ. ನೀರಿಳಿದರೆ?

ಬಡಗಿ_ಮಗ

ಮೊದಲು ಗೋಡೆ ಒಣಗಿದೆಯಾ ನೋಡಿ. ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಹಚ್ಚಿ. ಬೇಸಿನ್ ಪೈಪ್ ಎಲ್ಲಿ ಇರಬಹುದೋ ಅಲ್ಲೊಂದು, ನೆಲಪಟ್ಟಿಯ ಮೇಲೊಂದು. ಎರಡು ದಿನ ಬಾತ್‌ರೂಮ್ ಎಂದಿನಂತೆ ಬಳಸಿ. ಹಾಳೆಯ ಒಳಮೈಗೆ, ಅಂದರೆ ಗೋಡೆ ಕಡೆಗೆ, ನೀರಿನ ಹನಿ ಕೂತಿದ್ದರೆ ಗೋಡೆಯಿಂದ ತೇವ ಬರುತ್ತಿದೆ. ಹೊರಮೈಗೆ ಕೂತಿದ್ದರೆ ಅದು ಮನೆಯ ಗಾಳಿಯ ತೇವ, ಚಿಂತೆ ಇಲ್ಲ. ಬಣ್ಣ ಉಬ್ಬಿರೋದು, ಬಿಳಿ ಉಪ್ಪಿನ ಪುಡಿ ಕಾಣೋದು ಇದ್ದರೆ ಹಾಳೆ ಹಚ್ಚುವುದೇ ಬೇಡ. ಮೊದಲು ಪ್ಲಂಬರ್.

ಒಣಗಿದ್ದರೂ ನಾನು ಆ ಗೋಡೆಗೆ ಮಂಟಪ ಅಂಟಿಸಲ್ಲ. ನೆಲದ ಮೇಲೆ ತನ್ನ ಕಾಲಲ್ಲೇ ನಿಲ್ಲುವ ಹಾಗೆ ಮಾಡಿ, ಗೋಡೆಗೂ ಅದಕ್ಕೂ ಎರಡಿಂಚು ಬಿಡುತ್ತೇನೆ. ಹಿಂದೆ ಗಾಳಿ ಆಡುತ್ತದೆ. ಪೈಪಿಗೆ ಡ್ರಿಲ್ ತಾಗುವ ಭಯ ಇಲ್ಲ. ನಾಳೆ ಪೈಪ್ ರಿಪೇರಿ ಬಂದರೆ ದೇವರನ್ನು ಇಳಿಸಿ ಮಂಟಪವನ್ನೇ ಸರಿಸಬಹುದು.

ಅಜ್ಜಿ_ಮನೆ

ಅಷ್ಟೇ ಅಲ್ಲ, ಮಂಟಪಕ್ಕೆ ಅದರದೇ ಬೆನ್ನು ಇದ್ದರೆ ದೇವರು ಒರಗಿರೋದು ಮಂಟಪಕ್ಕೆ, ಬಚ್ಚಲ ಗೋಡೆಗಲ್ಲ. ನನ್ನ ಮನಸ್ಸಿಗೆ ಅಷ್ಟು ಸಾಕು.

ಈಶಾನ್ಯ_ಮೂಲೆ

ಎರಡಿಂಚು ಬಿಟ್ಟರೆ ದೋಷ ಹೋಗುತ್ತಾ? ಇದು ನಮ್ಮ ಅನುಕೂಲಕ್ಕೆ ಹೇಳಿಕೊಳ್ಳುವ ಮಾತು. ಬೆಡ್‌ರೂಮಿನ ಈಶಾನ್ಯದಲ್ಲಿ ಇಟ್ಟರೂ ಇದಕ್ಕಿಂತ ವಾಸಿ.

ಬೆಳಗಾವಿ_ಬಸು

ಬೆಡ್‌ರೂಮಿನಲ್ಲಿ ಬೇಡ ಅನ್ನುವವರೂ ಅಷ್ಟೇ ಜನ ಇದ್ದಾರೆ ಅಣ್ಣಾ. ವಠಾರದಲ್ಲಿ ಒಂದೇ ಕೋಣೆಯಲ್ಲಿ ಅಡುಗೆ, ಊಟ, ನಿದ್ದೆ, ದೇವರು ಎಲ್ಲಾ ಇಟ್ಟುಕೊಂಡು ನಮ್ಮವರು ಬಾಳಿಲ್ಲವಾ?

ಈಶಾನ್ಯ_ಮೂಲೆ

ಅವರಿಗೆ ಬೇರೆ ಜಾಗ ಇರಲಿಲ್ಲ. ಇವರಿಗೆ ಇದೆ. ನನ್ನ ಅಭಿಪ್ರಾಯ ಬದಲಾಗಲ್ಲ.

ಸಾಗರದ_ಸೊಸೆ

ಜಗಳ ಬೇಡಿ. ಅತ್ತೆಯನ್ನೇ ಫೋನಿನಲ್ಲಿ ಕೇಳಿದೆ. 'ಬೇಸಿನ್ ಆದರೆ ಅಡ್ಡಿಲ್ಲ, ಕಮೋಡ್ ಆಗಿದ್ದರೆ ನಾನು ಕೂರ್ತಿರಲಿಲ್ಲ' ಅಂದರು. ಅವರಿಗೆ ಚಿಂತೆ ಇರೋದು ಕುರ್ಚಿಯದ್ದು. ದೇವರಿಗಿಂತ ಎತ್ತರದಲ್ಲಿ ಕೂತ ಹಾಗೆ ಆಗಬಾರದಂತೆ.

ಬಡಗಿ_ಮಗ

ಹಾಗಾದರೆ ಅಳತೆ ಬರೆದುಕೊಳ್ಳಿ ಅಕ್ಕ. ಅವರ ಕುರ್ಚಿ ಎತ್ತರ ಅಳೆದು ಒಂದೆರಡು ಇಂಚು ಹೆಚ್ಚುಕಡಿಮೆ ಮಾಡಿಕೊಳ್ಳಿ. ಸಾಮಾನ್ಯವಾಗಿ ಕೂರುವ ಹಲಗೆ ನೆಲದಿಂದ 18 ಇಂಚು ಇರುತ್ತದೆ.

ಪೂಜೆಯ ಕಲ್ಲು ನೆಲದಿಂದ 29 ಇಂಚಿಗೆ ಬರಲಿ. ಕಲ್ಲು ಮತ್ತು ಅದರಡಿಯ ಫ್ರೇಮ್ ಸೇರಿ ಮೂರಿಂಚು ಹೋದರೂ ಮಂಡಿಗೆ 26 ಇಂಚು ಜಾಗ ಉಳಿಯುತ್ತದೆ. ಇದು ಮುಖ್ಯ. ಎಲ್ಲರೂ ಕಲ್ಲಿನ ಕೆಳಗೆ ಪೂರ್ತಿ ಡ್ರಾಯರ್ ತುಂಬಿಸುತ್ತಾರೆ. ಆಗ ಮಂಡಿ ಒಳಗೆ ಹೋಗಲ್ಲ, ಕೂತವರು ಮುಂದಕ್ಕೆ ಬಾಗಿ ಬಾಗಿ ಸೊಂಟ ಹಿಡಿಯುತ್ತದೆ. ನಿಮ್ಮ ನಾಲ್ಕು ಅಡಿ ಅಂದರೆ 48 ಇಂಚು. ಅದರಲ್ಲಿ 28 ಇಂಚು ಮಂಡಿಗೆ ಖಾಲಿ ಬಿಡಿ, ಉಳಿದ 20ರಲ್ಲಿ ಒಂದು ಬದಿಗೆ ಡ್ರಾಯರ್ ಮಾಡಿ. ಬತ್ತಿ, ಎಣ್ಣೆ, ಕರ್ಪೂರ, ಪುಸ್ತಕ ಎಲ್ಲ ಅಲ್ಲೇ. ಬೆಂಕಿಪೊಟ್ಟಣ ಮೇಲಿನ ಡ್ರಾಯರಿನಲ್ಲಿರಲಿ, ಮನೆಯಲ್ಲಿ ಮಕ್ಕಳಿದ್ದರೆ ಅದಕ್ಕೊಂದು ಬೀಗ.

ಕಲ್ಲಿನ ಆಳ 22 ಇಂಚು. ಹಿಂದಿನ ಹತ್ತು ಇಂಚಿಗೆ ಆರಿಂಚು ಎತ್ತರದ ಮೆಟ್ಟಿಲು, ಅದರ ಮೇಲೆ ವಿಗ್ರಹ. ಆಗ ವಿಗ್ರಹದ ಪಾದ 35 ಇಂಚಿಗೆ ಬರುತ್ತದೆ, ಕೂತವರ ಎದೆಯ ಹತ್ತಿರ. ಅವರು ಕೂರುವ ಹಲಗೆಗಿಂತ 17 ಇಂಚು ಮೇಲೆ. ಅಮ್ಮನವರಿಗೆ ಈ ಲೆಕ್ಕ ಹೇಳಿ, ಸಮಾಧಾನ ಆಗುತ್ತದೆ.

ದೀಪವನ್ನು ನಡುವೆ ಮುಂದುಗಡೆ ಇಡಲೇಬೇಡಿ. ಹೂವು ಏರಿಸಲು ಕೈ ಚಾಚಿದಾಗ ಸೆರಗು ದೀಪದ ಮೇಲೇ ಹಾದು ಹೋಗುತ್ತದೆ. ಮಂಟಪ ಸುಡುವುದಕ್ಕಿಂತ ಈ ಭಯ ನನಗೆ ಜಾಸ್ತಿ. ಕಲ್ಲಿನ ಎಡತುದಿಗೊಂದು, ಬಲತುದಿಗೊಂದು ದೀಪ. ಅಡಿಗೆ ಅಂಚಿರುವ ಹಿತ್ತಾಳೆ ತಟ್ಟೆ. ನಿಮಗೆ ನಾಲ್ಕಡಿ ಇರೋದರಿಂದ ಕೈ ಓಡಾಡಲು ನಡುವೆ ಮೂರಡಿ ಸಿಗುತ್ತದೆ. ಎರಡಡಿ ಮಂಟಪದವರಿಗೆ ಈ ಅನುಕೂಲ ಇಲ್ಲ, ಅವರು ಗಾಜಿನ ಬುರುಡೆ ಇರುವ ದೀಪ ತಗೊಳ್ಳೋದು ಒಳ್ಳೆಯದು.

ಮೈಸೂರು_ರಾವ್

ಕಲ್ಲು ಯಾವುದು? ಬಿಳಿ ಮಾರ್ಬಲ್ ಚೆನ್ನಾಗಿ ಕಾಣುತ್ತದಲ್ಲ?

ಬಡಗಿ_ಮಗ

ಕಾಣುತ್ತದೆ ಸರ್, ಮೊದಲ ಗೌರಿಹಬ್ಬದ ತನಕ. ಅರಿಸಿನ, ಕುಂಕುಮ, ಎಣ್ಣೆ ಮೂರನ್ನೂ ಮಾರ್ಬಲ್ ಕುಡಿಯುತ್ತದೆ. ನಿಂಬೆರಸ ಬಿದ್ದರೆ ಹೊಳಪೇ ಹೋಗುತ್ತದೆ. ಕಪ್ಪು ಗ್ರಾನೈಟ್ ಹಾಕಿ. ಮುಂದಿನ ಅಂಚಿಗೆ ಸಣ್ಣ ಕಟ್ಟು ಕೊಡಿಸಿ, ಅಭಿಷೇಕದ ನೀರು ಚೆಲ್ಲಿದರೂ ಮಡಿಲಿಗೆ ಇಳಿಯಲ್ಲ. ಬಿಳಿಯೇ ಬೇಕು ಅಂದರೆ ಬೆನ್ನಿಗೆ ಬಿಳಿ ವಿಟ್ರಿಫೈಡ್ ಟೈಲ್ಸ್ ಹಾಕಿ, ಮಸಿ ಒರೆಸಿದರೆ ಹೋಗುತ್ತದೆ.

ಅಜ್ಜಿ_ಮನೆ

ರಂಗೋಲಿಗೆ ಜಾಗ ಎಲ್ಲಿ? ಹೊಳೆಯುವ ಟೈಲ್ಸ್ ಮೇಲೆ ಪುಡಿ ನಿಲ್ಲಲ್ಲ, ಕಾಲಿಗೆ ಹತ್ತಿ ಮನೆಯೆಲ್ಲ ಆಗುತ್ತದೆ. ಕುರ್ಚಿ ಬೇರೆ ಎಳೆದಾಡಬೇಕು.

ಸಾಗರದ_ಸೊಸೆ

ಅದೇ ಕಪ್ಪು ಗ್ರಾನೈಟಿನ ತುಂಡೊಂದನ್ನು ಪಾಲಿಶ್ ಮಾಡಿಸದೆ, ಒಂದಡಿ ಚೌಕ ಕತ್ತರಿಸಿಕೊಂಡು ಡ್ರಾಯರ್ ಇರುವ ಬದಿಯ ಮುಂದೆ ನೆಲದ ಮೇಲಿಟ್ಟರೆ? ಕುರ್ಚಿ ಅಲ್ಲಿಗೆ ಬರಲ್ಲ. ನಾನೇ ಬಗ್ಗಿ ರಂಗೋಲಿ ಹಾಕಿಕೊಡುತ್ತೇನೆ.

ಅಜ್ಜಿ_ಮನೆ

ಒಳ್ಳೇದು. ಒರಟು ಕಲ್ಲಿನ ಮೇಲೆ ಎಳೆ ಚೆನ್ನಾಗಿ ಹಿಡಿಯುತ್ತದೆ. ಅಂಚು ಉಜ್ಜಿಸಿ, ಕಾಲಿಗೆ ತಾಗೀತು.

ಹೊಸಬ_ಬೆಂಗ್ಳೂರು

ಹದಿನಾಲ್ಕು ಫೋಟೋ ಏನಾಯ್ತು?

ಸಾಗರದ_ಸೊಸೆ

ಅದೇ ಈಗ ಉಳಿದಿರೋದು. ಎಲ್ಲ ಹಾಕಿದರೆ ಗೋಡೆ ಪೂರ್ತಿ ಫೋಟೋ. ಮೂರ್ನಾಲ್ಕು ಹಳೇ ಫೋಟೋಗಳಿಗೆ ಗೆದ್ದಲು ಹಿಡಿದಿದೆ, ಮುಖವೂ ಕಾಣಲ್ಲ. ಅತ್ತೆಗೆ ತೆಗೆಯಲು ಮನಸ್ಸಿಲ್ಲ. ನನಗೆ ಅಶ್ವತ್ಥಕಟ್ಟೆಯ ಬುಡದಲ್ಲಿ ಬಿಟ್ಟು ಬರಲು ಮನಸ್ಸಿಲ್ಲ. ಅಲ್ಲಿ ಮಳೆಗೆ ನೆನೆದು, ಗಾಜು ಒಡೆದು ಬಿದ್ದಿರೋದನ್ನು ನೋಡಿದರೆ ಸಂಕಟ ಆಗುತ್ತೆ.

ಮೈಸೂರು_ರಾವ್

ನಾವು ಮಾಡಿದ್ದು ಹೇಳುತ್ತೇನೆ. ಫೋಟೋಗೆ ಒಂದು ಕೊನೆಯ ಪೂಜೆ ಮಾಡಿ ಫ್ರೇಮ್ ಬಿಚ್ಚಿದೆವು. ಗಾಜು ಮತ್ತು ಲೋಹ ಒಣ ಕಸಕ್ಕೆ. ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ ಮೇಲೆ 'ಗಾಜು' ಅಂತ ಬರೆದೆವು, ಕಸ ವಿಂಗಡಿಸುವವರ ಕೈ ಕುಯ್ಯಬಾರದಲ್ಲ. ದೇವರ ಚಿತ್ರದ ಕಾಗದ ಮಾತ್ರ ನೀರಿನಲ್ಲಿ ನೆನೆಸಿಟ್ಟು, ಕರಗಿದ ಮೇಲೆ ಕುಂಡದ ಮಣ್ಣಿನಲ್ಲಿ ಹೂತೆವು. ಪ್ಲಾಸ್ಟಿಕ್ ಲೇಪ ಇರುವ ಚಿತ್ರ ಹೀಗೆ ಕರಗಲ್ಲ. ಅದಕ್ಕೆ ಏನು ಮಾಡಬೇಕು ಅಂತ ನನಗೂ ದಾರಿ ಸಿಕ್ಕಿಲ್ಲ.

ಪ್ಲೈ_ಪ್ರಕಾಶ

ಹೊಳೆಗೆ ಬಿಟ್ಟರೆ ಆಯ್ತಲ್ಲ? ನಾವೆಲ್ಲ ಹಾಗೇ ಮಾಡೋದು.

ಜೆರ್ಸಿ_ಕನ್ನಡತಿ

ಫ್ರೇಮ್, ಗಾಜು, ಪ್ಲಾಸ್ಟಿಕ್ ಹಾರ ಎಲ್ಲಾ ಸೇರಿಸಿ ಹೊಳೆಗಾ? ಹೊಳೆಯನ್ನೂ ತಾಯಿ ಅಂತ ಪೂಜೆ ಮಾಡುತ್ತೇವೆ ಅಲ್ವಾ? ಶ್ರೀರಂಗಪಟ್ಟಣದಲ್ಲಿ ಸ್ನಾನಘಟ್ಟದ ಹತ್ತಿರ ಒಮ್ಮೆ ನಿಂತು ನೋಡಿ.

ಪ್ಲೈ_ಪ್ರಕಾಶ

ಬರೀ ಕಾಗದ ಬಿಟ್ಟರೆ ತಪ್ಪೇನಿಲ್ಲ ಅನ್ನೋದೇ ನನ್ನ ಮಾತು. ಫ್ರೇಮ್ ಬೇಡ, ಒಪ್ಪಿದೆ.

ಕಡಲ_ತಡಿ

ಉಳಿದ ಫೋಟೋಗಳಿಗೆ ಒಂದು ಉಪಾಯ. ನಮ್ಮ ಪಕ್ಕದ ಮನೆಯ ಭಟ್ಟರು ಹತ್ತು ಫೋಟೋಗಳನ್ನು ಡ್ರಾಯರಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಾರೆ. ರಾಮನವಮಿಗೆ ರಾಮನ ಫೋಟೋ, ನವರಾತ್ರಿಗೆ ದೇವಿಯದು, ಹಾಗೆ ಆಯಾ ಹಬ್ಬಕ್ಕೆ ಹೊರಗೆ ಬರುತ್ತದೆ.

ಸಾಗರದ_ಸೊಸೆ

ಇದು ಅತ್ತೆಗೆ ಒಪ್ಪಿಗೆ ಆಗಬಹುದು. ತೆಗೆದುಬಿಟ್ಟ ಹಾಗೂ ಆಗಲ್ಲ. ಗೋಡೆ ಮೇಲೆ ನಾಲ್ಕೋ ಐದೋ ಸಾಕು. ಬಡಗಿ ಅಣ್ಣ, ಫೋಟೋ ತೂಗು ಹಾಕಲು ಮಂಟಪದ ಬೆನ್ನಿಗೇ ಪಟ್ಟಿ ಕೊಡಬಹುದಾ? ಬಾತ್‌ರೂಮ್ ಗೋಡೆಗೆ ಮೊಳೆ ಬೇಡ ಅಂದಿರಲ್ಲ.

ಬಡಗಿ_ಮಗ

ಕೊಡಬಹುದು. ಬೆನ್ನಿನ ಹಲಗೆ 18 ಎಂಎಂ ಇರಲಿ. ಟೈಲ್ಸ್ ಮುಗಿಯುವ ಕಡೆ ಮೇಲೆ ಮರದ ಪಟ್ಟಿ ಹೊಡೆದು ಅದಕ್ಕೆ ಹಿತ್ತಾಳೆ ಕೊಕ್ಕೆ ಹಾಕಿಸಿ. ಟೈಲ್ಸಿಗೆ ತೂತು ಬೇಡ. ಫೋಟೋಗಳು ನಡುಭಾಗಕ್ಕೆ ಬರಲಿ, ಎರಡು ತುದಿಯ ದೀಪಗಳ ನೇರಕ್ಕೆ ಮೇಲೆ ಏನೂ ತೂಗು ಬಿಡಬೇಡಿ. ಒಣ ಹೂವಿನ ಹಾರವಂತೂ ಬೇಡವೇ ಬೇಡ. ಲೈಟಿಗೆ ಹಳದಿ ಬೆಳಕಿನ ಎಲ್‌ಇಡಿ ಮುಂಭಾಗದ ಮೇಲಿನ ಪಟ್ಟಿಯ ಒಳಗೆ ಹಾಕಿಸಿ, ವಿಗ್ರಹದ ಮುಖಕ್ಕೆ ಬೀಳುತ್ತದೆ. ಹಿಂದಿನಿಂದ ಬೆಳಕು ಕೊಟ್ಟರೆ ಮುಖ ಕಪ್ಪಾಗಿ ಕಾಣುತ್ತದೆ. ಸ್ವಿಚ್ ಹೊರಗೆ, ಅಮ್ಮನವರಿಗೆ ಕೂತಲ್ಲೇ ಎಟುಕುವ ಹಾಗೆ ಇರಲಿ.

ಬೆಳಗಾವಿ_ಬಸು

ನಿರ್ಮಾಲ್ಯಕ್ಕೆ ಏನು ಮಾಡ್ತೀರಿ ಅಕ್ಕಾರ? ನನಗೆ ಪತ್ರೆಯೇ ವಾರಕ್ಕೆ ಒಂದು ಚೀಲ ಆಗುತ್ತೆ.

ಅಜ್ಜಿ_ಮನೆ

ದಾರ ಬಿಚ್ಚಿ, ಪೇಪರ್ ಮೇಲೆ ಒಂದು ದಿನ ಆರಿಸಿ, ತೂತಿರುವ ಕುಂಡದಲ್ಲಿ ಒಂದು ಪದರ ಹೂವು, ಒಂದು ಪದರ ಒಣ ಎಲೆ ಹಾಕುತ್ತಾ ಬಾ ಮಗಾ. ಹಸಿಯಾಗಿ ತುಂಬಿದರೆ ನಾರುತ್ತದೆ. ಅಭಿಷೇಕದ ನೀರು ಗಿಡಕ್ಕೆ ಹಾಕಬಹುದು. ಹಾಲು, ಸಕ್ಕರೆ ಸೇರಿದ್ದು ತುಳಸಿ ಬುಡಕ್ಕೆ ಬೇಡ, ಇರುವೆ ಮುತ್ತುತ್ತದೆ. ಅದನ್ನು ತೀರ್ಥ ಅಂತ ಮನೆಯವರೇ ಕುಡಿಯುವಷ್ಟು ಮಾತ್ರ ಮಾಡೋದು.

ಸಾಗರದ_ಸೊಸೆ

ಗೋಡೆಗೆ ಪ್ಲಾಸ್ಟಿಕ್ ಹಾಳೆ ಹಚ್ಚಿ ಎರಡು ದಿನ ಆಯಿತು, ಈಗ ತೆಗೆದು ನೋಡಿದೆ. ಪೈಪಿನ ಹತ್ತಿರದ್ದು ಒಣಗಿದೆ. ನೆಲಪಟ್ಟಿಯ ಮೇಲಿನದಕ್ಕೆ ಒಳಮೈಯಲ್ಲಿ ಒಂದು ಮೂಲೆಗೆ ಮಾತ್ರ ಹನಿ ಇದೆ.

ಬಡಗಿ_ಮಗ

ಹಾಗಾದರೆ ಆರ್ಡರ್ ಕೊಡಬೇಡಿ ಇನ್ನೂ. ಆ ಮೂಲೆಯ ಆ ಕಡೆ ಬಾತ್‌ರೂಮ್ ನೆಲದ ಟೈಲ್ಸ್ ಸಂದು ನೋಡಿ. ಬೇಸಿನ್ ಅಡಿಯ ನೀರು ಹೋಗುವ ಕೊಳವೆ ನೆಲಕ್ಕೆ ಸೇರುವ ಕಡೆ ಒಣ ಟಿಶ್ಯೂ ಸುತ್ತಿ, ಬೇಸಿನ್ ತುಂಬಿಸಿ ಒಮ್ಮೆಲೇ ಬಿಡಿ. ಟಿಶ್ಯೂ ಒದ್ದೆಯಾದರೆ ಕೊಳವೆಯ ಜಾಯಿಂಟ್. ಆಗದಿದ್ದರೆ ಟೈಲ್ಸ್ ಸಂದಿನ ಗ್ರೌಟ್ ಕೆರೆದು ಹೊಸದಾಗಿ ತುಂಬಿಸಿ, ಒಣಗಿದ ಮೇಲೆ ಮತ್ತೆ ಹಾಳೆ ಹಚ್ಚಿ ನೋಡಿ. ಎರಡನೇ ಸಲ ಒಣಗಿ ಬಂದರೆ ಮರಕ್ಕೆ ಹೇಳಿ.